ಪಾಮನಕಲ್ಲೂರಿನ ಮುಂದೆ ಖಾಲಿ ಬಿಟ್ಟ ಜಾಗ

ಸಂಕ್ರಾಂತಿ ಮುಗಿದ ವಾರ ಲಿಂಗಸುಗೂರಿನಿಂದ ಆದೆಮ್ಮಳಿಗೆ ಫೋನ್ ಬಂತು. ಸಿಂಧನೂರಿನ ಆ ಕಾಲೇಜಿನಲ್ಲಿದ್ದದ್ದು ಒಂದೇ ಫೋನು, ಅದೂ ಪ್ರಿನ್ಸಿಪಾಲರ ಮೇಜಿನ ಮೇಲೆ. ತಾಸಿನ ಲೆಕ್ಕದಲ್ಲಿ ಪಾಠ ಮಾಡುವ ಅರೆಕಾಲಿಕ ಉಪನ್ಯಾಸಕಿಗೆ ಅಲ್ಲಿಗೆ ಕರೆ ಬರುವುದೆಂದರೆ ಊರಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಅರ್ಥ. ಅವಳು ಹಾಜರಿ ಪುಸ್ತಕವನ್ನು ತರಗತಿಯಲ್ಲೇ ಬಿಟ್ಟು ಹೋದಳು.

"ದಿಲ್ಲಿಯಿಂದ ಕಾಗದ ಬಂದದ," ಎಂದಿತು ಮಾಳಿಂಗಪ್ಪನವರ ದನಿ. "ಬ್ಯಾಡ ಅಂದಿಲ್ಲ, ಆಯ್ತು ಅಂತನೂ ಅಂದಿಲ್ಲ. ನಾಳೆ ಬಾ."

ಡಾ. ಮಾಳಿಂಗಪ್ಪ ಲಿಂಗಸುಗೂರಿನ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರು, ಅವಳ ಪಿಎಚ್.ಡಿ.ಗೆ ಮಾರ್ಗದರ್ಶಕರು. ದಿಲ್ಲಿಯ ಸಂಶೋಧನಾ ಮಂಡಳಿಯ ಫೆಲೋಶಿಪ್‌ಗೆ ಅವಳ ಅರ್ಜಿ ಹೋದದ್ದು ಅವರ ಕಾಲೇಜಿನ ಮೂಲಕ. ಒಣಬೇಸಾಯದ ಊರುಗಳಿಂದ ಕಾಲುವೆಯ ಊರುಗಳಿಗೆ ಭತ್ತದ ನಾಟಿಗೆ ಹೋಗುವ ಹೆಂಗಸರ ಬಗ್ಗೆ ಅವಳು ಬರೆಯಬೇಕೆಂದಿದ್ದಳು. ಪಾಮನಕಲ್ಲೂರು, ಸಂತೆಕಲ್ಲೂರುಗಳಿಂದ ಹೊರಟು ಮುಕ್ಕುಂದದಂಥ ಊರಲ್ಲಿ ಡೇರೆ ಹಾಕುವ ಗುಂಪುಗಳ ಬಗ್ಗೆ. ಅರ್ಜಿಗೆ ಇಪ್ಪತ್ತೆಂಟು ವರ್ಷದ ಮಿತಿಯಿತ್ತು. ಬರುವ ಬೇಸಿಗೆಗೆ ಅವಳಿಗೆ ಇಪ್ಪತ್ತೊಂಬತ್ತು. ಈ ಸಲ ತಪ್ಪಿದರೆ ಮತ್ತೆ ಅರ್ಜಿಯೇ ಇಲ್ಲ.

ಮರುದಿನ ಮಸ್ಕಿಯಲ್ಲಿ ಬಸ್ಸು ಬದಲಿಸಿ ಲಿಂಗಸುಗೂರು ಮುಟ್ಟಿದಾಗ ಮಾಳಿಂಗಪ್ಪ ಸ್ಟಾಫ್ ರೂಮಿನಲ್ಲಿ ಒಬ್ಬರೇ ಕೂತಿದ್ದರು. ಕಾಗದವನ್ನು ಅವಳ ಕಡೆ ಸರಿಸಿದರು. ಮಂಡಳಿಯವರು ಸಂಶೋಧನೆಯ ವಿಷಯವನ್ನು ಮೆಚ್ಚಿದ್ದರು. ಆಮೇಲೆ ಖರ್ಚಿನ ಅಂದಾಜಿನ ಬಗ್ಗೆ ಒಂದೇ ಪ್ರಶ್ನೆ ಕೇಳಿದ್ದರು: ಮೂರು ವರ್ಷದ ಕೆಲಸಕ್ಕೆ ಕ್ಷೇತ್ರಕಾರ್ಯದ ಕೆಳಗೆ ಬಸ್ಸಿನ ಖರ್ಚು ಮಾತ್ರ ತೋರಿಸಲಾಗಿದೆ, ಪಾಮನಕಲ್ಲೂರಿನ ಹೆಸರಿನ ಮುಂದೆ ಏನನ್ನೂ ಬರೆದಿಲ್ಲ, ಅಭ್ಯರ್ಥಿಯು ನಿಜವಾಗಿ ಕ್ಷೇತ್ರದಲ್ಲಿ ಇದ್ದು ಕೆಲಸ ಮಾಡುವವರೇ? ಮೂರು ವಾರದೊಳಗೆ ತಿದ್ದಿದ ಅಂದಾಜು ಬರಲಿ. ಇಲ್ಲವಾದರೆ ಅರ್ಜಿಯನ್ನು ಪರಿಗಣಿಸುವುದಿಲ್ಲ.

"ಕಡಿಮಿ ಕೇಳಿದ್ರ ತಪ್ಪೇನು?" ಎಂದರು ಮಾಳಿಂಗಪ್ಪ. ಅವರಿಗೆ ನಿಜವಾಗಿಯೂ ನೋವಾಗಿತ್ತು. "ನಾನೇ ಹೇಳಿದ್ನಲ್ಲ, ದೊಡ್ಡ ಮೊತ್ತ ನೋಡಿದ್ರ ದಿಲ್ಲಿಯವರು ಬೆಚ್ಚತಾರ ಅಂತ. ಸರಕಾರದ ಮುಂದ ಕೈ ಚಾಚೋ ಮುಂದ ಅರ್ಧ ಮುಷ್ಟಿ ಚಾಚಬೇಕು. ನಮ್ಮಪ್ಪ ಹಂಗ ಹೇಳತಿದ್ದ."

ಅವಳ ಅಪ್ಪನೂ ಹಾಗೇ ಹೇಳುತ್ತಿದ್ದ. ಈ ಸೀಮೆಯಲ್ಲಿ ಕೇಳುವುದನ್ನು ಕಲಿಸುವುದೇ ಹಾಗೆ, ಕೇಳಿದ್ದು ಕೇಳಿಸದ ಹಾಗೆ.

ಅಂದಾಜಿನ ನಕಲನ್ನು ಅವಳು ಮತ್ತೆ ನೋಡಿದಳು. ಫೆಲೋಶಿಪ್ ತಿಂಗಳಿಗೆ ಸಾವಿರದ ಐನೂರು. ಅದು ಮಂಡಳಿಯೇ ಗೊತ್ತುಮಾಡಿದ್ದು, ಏರಿಸುವಂತಿಲ್ಲ, ಇಳಿಸುವಂತಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಕಂಟಿಂಜೆನ್ಸಿ, ಅಂದರೆ ಚಿಲ್ಲರೆ ಖರ್ಚಿನ ರೊಕ್ಕ. ಅದೂ ಅವರದೇ ಲೆಕ್ಕ. ಅಭ್ಯರ್ಥಿ ತಾನಾಗಿ ಅಂದಾಜು ಹಾಕಬೇಕಾದದ್ದು ಎರಡೇ ಬಾಬ್ತು, ಕ್ಷೇತ್ರಕಾರ್ಯ ಮತ್ತು ಸಮ್ಮೇಳನ. ಎರಡೂ ಸೇರಿ ಮೂರು ವರ್ಷಕ್ಕೆ ಐದೂವರೆ ಸಾವಿರ ಮೀರಬಾರದು. ಅವಳು ಹಾಕಿದ್ದು ಬಸ್ಸಿಗೆ ಆರುನೂರು. ಮಾಳಿಂಗಪ್ಪ ಹಾಕಿಸಿದ್ದು ಎರಡು ಸಮ್ಮೇಳನಕ್ಕೆ ಎರಡು ಸಾವಿರ: ಎರಡನೇ ದರ್ಜೆಯ ರೈಲು, ನೋಂದಣಿ ಶುಲ್ಕ, ನಾಲ್ಕು ದಿನದ ವಸತಿ. ಅರ್ಧಕ್ಕಿಂತ ಕಡಿಮೆ ಕೇಳಿದ್ದೇವೆ, ಬಿಡಂಗಿಲ್ಲ ಅವರು, ಎಂದು ಅವತ್ತು ಇಬ್ಬರೂ ಖುಷಿಪಟ್ಟಿದ್ದರು.

ಪಾಮನಕಲ್ಲೂರು ಅವಳ ಹುಟ್ಟೂರು. ಅಲ್ಲಿ ಉಳಿಯಲು, ಉಣ್ಣಲು ಏನು ಖರ್ಚು? ಪೆನ್ನು ಆ ಸಾಲಿನ ಮೇಲೆ ನಿಂತೇ ಇರಲಿಲ್ಲ.

"ಮತ್ತ ಏನರ ತುಂಬು," ಎಂದರು ಮಾಳಿಂಗಪ್ಪ. "ದಿನಕ್ಕ ಇಷ್ಟು ಅಂತ ಹಾಕು, ಆತು."

"ಎಷ್ಟು ದಿನ ಅಂತ ಹಾಕ್ಲಿ ಸರ್?"

ಅವರು ಕಾಗದವನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡು ಮಂಡಳಿಯ ಪ್ರಶ್ನೆಯನ್ನು ಇನ್ನೊಮ್ಮೆ ಓದಿದರು. ಅವಳಿಗೆ ಆಗ ಮೊದಲ ಸಲ ಅನ್ನಿಸಿತು, ಮಂಡಳಿಯವರು ಕೇಳಿದ್ದು ರೊಕ್ಕದ ಪ್ರಶ್ನೆಯಲ್ಲ, ದಿನಗಳ ಪ್ರಶ್ನೆ.

*

ಸಿಂಧನೂರಿನ ಕಾಲೇಜಿನ ಲೆಕ್ಕದ ಗುಮಾಸ್ತ ಬಂದೇಸಾಬರಿಗೆ ಟೈಪ್ ಮಾಡಲು ಬರುತ್ತಿತ್ತು, ಮಾತಾಡಲು ಇನ್ನೂ ಚೆನ್ನಾಗಿ ಬರುತ್ತಿತ್ತು. ಅವಳ ಅಂದಾಜನ್ನು ಮೊದಲು ಟೈಪ್ ಮಾಡಿಕೊಟ್ಟವರೂ ಅವರೇ.

"ಕಂಟಿಂಜೆನ್ಸಿ ವರ್ಷಕ್ಕ ನಾಲ್ಕು ಸಾವಿರ ಅದ," ಎಂದಳು ಆದೆಮ್ಮ. "ಟೈಪಿಂಗು, ಪುಸ್ತಕ, ಕ್ಯಾಸೆಟ್ಟು ಅಂತ ಮೊದಲನೇ ವರ್ಷ ಅಷ್ಟು ಮುಗಿಯಂಗಿಲ್ಲ. ಉಳಿದದ್ದು ಎರಡನೇ ವರ್ಷ ಊಟ ವಸತಿಗೆ ತೊಗೊಂಡ್ರ?"

ಬಂದೇಸಾಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮೇಡಂ, ಕಂಟಿಂಜೆನ್ಸಿ ಅಂದ್ರ ಅನ್ನ ಇದ್ದಂಗ, ರೊಟ್ಟಿ ಅಲ್ಲ. ಕಟಗರೊಟ್ಟಿಯಾದ್ರ ಗಂಟು ಕಟ್ಟಿ ಇಡಬಹುದು. ಅನ್ನ ಅವತ್ತೇ ಉಣ್ಣಬೇಕು. ಮಾರ್ಚ್ ಮೂವತ್ತೊಂದು ದಾಟಿತು, ಹಳಸಿತು. ಮತ್ತ ಒಂದು ಬಾಬ್ತಿಂದು ಇನ್ನೊಂದು ಬಾಬ್ತಿಗೆ ಹಾಕಬೇಕಂದ್ರ ಮಂಡಳಿ ಪರವಾನಗಿ ಬೇಕು. ಆಡಿಟ್‌ನವರು ಬಿಟ್ಟಾರೇನು?"

"ಹಂಗಾದ್ರ ಊಟ ವಸತಿ ಅಂತ ಎಷ್ಟು ಹಾಕ್ಲಿ?"

"ನೀವು ಎಲ್ಲಿ ಉಣ್ಣತೀರಿ ಅಂತ ನನಗೇನು ಗೊತ್ತು? ಹೋಟೆಲಿನಾಗ ಉಂಡ್ರ ಹೋಟೆಲ್ ರಸೀದಿ. ಮನ್ಯಾಗ ಉಂಡ್ರ ಮನಿಯವರ ರಸೀದಿ. ಸಹಿ ಬರದಿದ್ರ ಹೆಬ್ಬೆಟ್ಟು."

"ನಮ್ಮವ್ವನ ಹೆಬ್ಬೆಟ್ಟು?"

"ತೊಗೊಂಡು ನೋಡ್ರಿ," ಎಂದು ಬಂದೇಸಾಬರು ನಕ್ಕರು. "ನಮ್ಮ ಅಮ್ಮಿ ಆಗಿದ್ರ ಹೆಬ್ಬೆಟ್ಟು ಕೊಡತಿದ್ದಿಲ್ಲ, ಕೆನ್ನಿಗೆ ಐದೂ ಬೆಟ್ಟು ಕೊಡತಿದ್ಲು."

ಅವರ ಅಮ್ಮಿಯಷ್ಟೇ ಅಲ್ಲ. ಭಾನುವಾರ ಪಾಮನಕಲ್ಲೂರಿಗೆ ಹೋಗಿ ವಿಷಯ ಎತ್ತಿದಾಗ ಅವಳ ಅವ್ವ ಯಮನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಬಡಿತ ನಿಂತದ್ದೇ ಮನೆ ಖಾಲಿಯಾದಂತಾಯಿತು.

"ನನ್ನ ಕೈಲೆ ಉಂಡದ್ದಕ್ಕ ದಿಲ್ಲಿಗೆ ಬಿಲ್ಲು ಕಳಸತಿಯೇನ ಬೇ?"

"ಹಂಗಲ್ಲ ಯವ್ವಾ. ಅವ್ರು ಕೊಡತಾರ. ನಿನಗೇ ಬರತಾವ ರೊಕ್ಕ."

"ನನಗ ಬರತಾವಂತ! ನಾ ಏನು ಖಾನಾವಳಿ ಇಟ್ಟೀನಾ?"

ಮತ್ತೆ ಬಡಿತ ಶುರುವಾಯಿತು, ಮೊದಲಿಗಿಂತ ಜೋರಾಗಿ. ಆದೆಮ್ಮ ಒಲೆಗೆ ಒಂದು ಕಟ್ಟಿಗೆ ಸರಿಸಿದಳು. ಅವಳಿಗೆ ಬೇಸರವಾಗಲಿಲ್ಲ. ಅವ್ವನ ಮಾತಿನಲ್ಲಿ ಒಂದು ನ್ಯಾಯವಿತ್ತು, ಆದರೆ ಆ ನ್ಯಾಯವನ್ನು ಬರೆಯಲು ನಮೂನೆಯಲ್ಲಿ ಕಾಲಂ ಇರಲಿಲ್ಲ. ಇವತ್ತಿನವರೆಗೆ ಅವ್ವ ಮಾಡಿದ ಯಾವ ಕೆಲಸವೂ ಯಾವ ಕಾಲಮ್ಮಿಗೂ ಬಂದಿರಲಿಲ್ಲ ಎಂಬುದು ಬಸ್ಸಿನಲ್ಲಿ ವಾಪಸು ಬರುವಾಗ ನೆನಪಿಗೆ ಬಂತು. ಜನಗಣತಿಯವರು ಬಂದಾಗ 'ಮನೆಗೆಲಸ' ಎಂದು ಒಂದು ಗೀಟು ಎಳೆದು ಹೋಗುವುದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು.

*

ದಿನ ಎಷ್ಟು ಎಂಬುದಕ್ಕೆ ಉತ್ತರ ಕಾಗದದ ಮೇಲೆ ಸಿಕ್ಕುವಂಥದ್ದಲ್ಲ ಎನ್ನಿಸಿ, ಎರಡು ದಿನ ರಜೆ ಹಾಕಿ ಅವಳು ಮುಕ್ಕುಂದಕ್ಕೆ ಹೊರಟಳು. ಹಿಂಗಾರಿ ನಾಟಿ ನಡೆದಿತ್ತು. ಸಂತೆಕಲ್ಲೂರಿನ ತಿಮ್ಮವ್ವನ ಗುಂಪು ಅಲ್ಲಿತ್ತು. ತಿಮ್ಮವ್ವ ಅವ್ವನ ಕಡೆಯಿಂದ ದೂರದ ಬಳಗ, ಹದಿನಾಲ್ಕು ಹೆಂಗಸರಿಗೆ ಮುಖಂಡಳು.

ಸಿಂಧನೂರಿನಿಂದ ಮೊದಲ ಬಸ್ಸು ಮುಟ್ಟಿದ್ದು ಒಂಬತ್ತೂವರೆಗೆ. ಡೇರೆಗಳಲ್ಲಿ ಯಾರೂ ಇರಲಿಲ್ಲ. ತಾಡಪತ್ರಿಯ ನೆರಳಲ್ಲಿ ಕರೆಮ್ಮ ಎಂಬ ಬಾಣಂತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದಳು. ಇನ್ನೂ ಮೂರು ಸಣ್ಣ ಮಕ್ಕಳು ಅವಳ ಸುತ್ತ.

"ಎಲ್ಲಾರೂ ಎಲ್ಲಿ ಹೋಗ್ಯಾರ?"

"ನಸಿಕಿನ್ಯಾಗ ಗದ್ದಿಗೆ ಇಳದಾರ ಯಕ್ಕ. ಹೊತ್ತು ಮುಣಗಿದ ಮ್ಯಾಲೆ ಬರತಾರ."

ಆದೆಮ್ಮ ಗದ್ದೆಗೆ ಹೋದಳು. ಹದಿಮೂರು ಹೆಂಗಸರು ಬಗ್ಗಿದ್ದರು. ಬದುವಿನ ಮೇಲೆ ಹೊಲದ ಮಾಲೀಕ ಛತ್ರಿ ಹಿಡಿದು ನಿಂತಿದ್ದ. ಅವಳು ಪುಸ್ತಕ ತೆಗೆದು ಬದುವಿನ ಮೇಲೆ ಕೂತು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಟ್ಟ. ಕೂಲಿ ಎಷ್ಟು? ಅವನು ಹೇಳಿದ. ಊಟ ಯಾರದು? ಅವನು ಹೇಳಿದ. ಕೆಸರಿನಲ್ಲಿ ಕೈಗಳು ಸಸಿ ಊರುತ್ತಲೇ ಇದ್ದವು. ಅದು ಮಾತು ಬಾರದವರ ಮೌನ ಅಲ್ಲ, ಮಾತನ್ನು ಹಿಡಿದಿಟ್ಟುಕೊಂಡವರ ಮೌನ. ಎರಡರ ವ್ಯತ್ಯಾಸ ಅವಳಿಗೆ ಚಿಕ್ಕಂದಿನಿಂದ ಗೊತ್ತಿತ್ತು, ಆದರೆ ಅರ್ಜಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಕೊನೆಯ ಬಸ್ಸು ಐದಕ್ಕೆ. ಹೆಂಗಸರು ಗದ್ದೆಯಿಂದ ಏಳುವುದು ಆರರ ಮೇಲೆ. ಅಂದರೆ ಅವಳ ಅಂದಾಜಿನಲ್ಲಿದ್ದ ಬಸ್ಸಿನ ಆರುನೂರು ರೂಪಾಯಿಯಲ್ಲಿ ಮೂರು ವರ್ಷ ಓಡಾಡಿದರೂ ಅವಳಿಗೆ ಸಿಗುವುದು ಕರೆಮ್ಮ ಮತ್ತು ಛತ್ರಿಯ ಮನುಷ್ಯ, ಇಬ್ಬರೇ. ಐದರ ಬಸ್ಸು ಧೂಳೆಬ್ಬಿಸಿಕೊಂಡು ಹೋಗುವುದನ್ನು ಅವಳು ನಿಂತು ನೋಡಿದಳು.

ಸಂಜೆ ಡೇರೆಯ ಮುಂದೆ ಎಲ್ಲರೂ ಕಾಲು ತೊಳೆದು ಕೂತಾಗ ತಿಮ್ಮವ್ವ ಅವಳಿಗೂ ತಾಟು ಇಟ್ಟಳು. ಅನ್ನ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಊಟ ಮುಗಿದ ಮೇಲೆ ತಿಮ್ಮವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಕೇಳಿದಳು:

"ಇವತ್ತು ಬೀಗತಿಯಂಗ ಉಂಡಿ, ಆತು. ನಾಳಿಗೂ ಇರತೀ ಏನು?"

"ಇರತೀನಿ ಚಿಗವ್ವ. ಮುಂಗಾರಿ ನಾಟಿಗೂ ಬರಬೇಕಂತೀನಿ. ಎರಡು ವರ್ಷ."

"ಎರಡು ವರ್ಷ!" ಯಾರೋ ನಕ್ಕರು. "ಅಷ್ಟು ದಿನ ಇದ್ರ ನಡಾ ಬಗ್ಗಿ ನೀನೂ ನಮ್ಮಂಗ ಆಗತಿ."

"ಹಂಗಾದ್ರ ಯಾರ ಪಾಲಿನಾಗ ಉಣ್ಣಾಕಿ?" ಎಂದಳು ತಿಮ್ಮವ್ವ. ಕೇಳಿದ ರೀತಿಯಲ್ಲಿ ಕೊಂಕಿರಲಿಲ್ಲ. "ಒಂದಿನಕ್ಕ ಬೀಗತಿ, ಎರಡನೇ ದಿನಕ್ಕ ಪಾಲಿನಾಕಿ. ನಮ್ಮ ಗುಂಪಿನ ನಡತಿ ಅದು."

ಆದೆಮ್ಮಳಿಗೆ ಅರ್ಥವಾಗಲಿಲ್ಲ. ತಿಮ್ಮವ್ವ ಕರೆಮ್ಮಳ ಕಡೆ ಗದ್ದ ತೋರಿದಳು. ಅವರು ಎಕರೆಗೆ ಇಷ್ಟು ಎಂದು ಗುತ್ತಿಗೆ ಹಿಡಿದು ನಾಟಿ ಹಚ್ಚುವವರು. ಬಂದದ್ದನ್ನು ಹದಿನಾಲ್ಕು ಪಾಲು ಮಾಡುತ್ತಾರೆ, ಹದಿಮೂರಲ್ಲ. ಡೇರೆಯಲ್ಲಿ ಕೂತು ಅಡುಗೆ ಮಾಡಿ ಮಕ್ಕಳನ್ನು ನೋಡುವವಳಿಗೂ ಪೂರಾ ಪಾಲು; ಅದಕ್ಕೆ 'ಕುಂತಾಕಿ ಪಾಲು' ಎನ್ನುತ್ತಾರೆ. ಉಣ್ಣುವ ಬಾಯಿಗಳ ಖರ್ಚೂ ಹಾಗೇ, ಎಣಿಸಿ ತೆಗೆದಿಡುತ್ತಾರೆ.

"ಎಣಸದಿದ್ರ ಏನಾಗತದ?" ಎಂದು ಕೇಳಿದಳು ಆದೆಮ್ಮ.

"ಎಣಸದಿದ್ರ ಆಕಿ ಇನ್ನೊಬ್ಬರ ಋಣದಾಗ ಉಂಡಂಗ ಆಗತದ. ಋಣದಾಗ ಇದ್ದಾಕಿ ಮುಂದ ಯಾರರ ಬಾಯಿ ಬಿಚ್ಚಿ ಮಾತಾಡತಾರೇನು? ಆಕಿನೂ ಮಾತಾಡಂಗಿಲ್ಲ." ತಿಮ್ಮವ್ವ ಪಕ್ಕಕ್ಕೆ ಉಗುಳಿದಳು. "ಮತ್ತ ಒಂದು. ನೀ ಬರಕೊಳ್ಳಾಕ ಒಬ್ಬಾಕಿನ್ನ ಕುಂದ್ರಿಸಿಕೊಂಡಿ ಅಂದ್ರ ಗದ್ಯಾಗ ಒಂದು ಕೈ ಕಡಿಮಿ. ಅದನ್ನ ನಾವು ಹದಿಮೂರು ಮಂದಿ ಹೊರಬೇಕು. ಒಂದು ಸಲ ಹೊರತೀವಿ. ದಿನಾ ಹೊರಂಗಿಲ್ಲ."

ಆದೆಮ್ಮ ಪಾಲು ಎಷ್ಟೆಂದು ಕೇಳಿದಳು. ಹೆಂಗಸರು ತಮ್ಮತಮ್ಮಲ್ಲೇ ಜಗಳಾಡಿ ಲೆಕ್ಕ ಹಾಕಿದರು. ಒಬ್ಬಳು ಎಂಟು ಎಂದಳು, ಇನ್ನೊಬ್ಬಳು ಎಣ್ಣೆಯ ರೇಟು ಏರಿದೆ ಎಂದು ಬೈದಳು. ಕೊನೆಗೆ ಊಟಕ್ಕೆ ದಿನಕ್ಕೆ ಒಂಬತ್ತು, ಕಟ್ಟಿಗೆ, ಸೀಮೆಎಣ್ಣೆ, ತಾಡಪತ್ರಿ ಬಾಡಿಗೆ ಸೇರಿ ಆರು ಎಂದು ನಿಂತಿತು. ಕೊಟ್ಟ ರೊಕ್ಕದ ರಸೀದಿಗೆ ಹೆಬ್ಬೆಟ್ಟು ಬೇಕಾಗುತ್ತದೆ ಎಂದು ಆದೆಮ್ಮ ಅಂಜುತ್ತಲೇ ಹೇಳಿದಳು.

"ಹದಿನಾಲ್ಕೂ ಮಂದಿದು ಬೇಕೇನು?" ಎಂದಳು ಒಬ್ಬಳು. "ಹೊಲದ ಗೌಡರು ಬರೇ ತಿಮ್ಮವ್ವಂದೇ ಒತ್ತಿಸಿಕೊಂತಾರ. ನನ್ನ ಬೆಟ್ಟು ಇವತ್ತಿನ ತನಕ ಯಾರೂ ಕೇಳಿಲ್ಲ ನೋಡು."

ಎಲ್ಲರೂ ನಕ್ಕರು. ಆ ನಗು ಇಳಿಯುವಷ್ಟರಲ್ಲಿ ಅದೇ ಹೆಂಗಸು, ಕೇಳದೆಯೇ, ಛತ್ರಿಯ ಮನುಷ್ಯ ಹೇಳಿದ ಕೂಲಿ ಸುಳ್ಳು ಎಂದಳು. ಎಷ್ಟು ಸುಳ್ಳು ಎಂಬುದನ್ನು ಉಳಿದವರು ಹೇಳಿದರು. ಆದೆಮ್ಮ ಪುಸ್ತಕ ತೆಗೆಯಲಿಲ್ಲ.

*

ಬಂದೇಸಾಬರ ಟೈಪ್ ಮಷೀನಿನ ಪಕ್ಕ ಕೂತು ಅವಳು ಅಂದಾಜನ್ನು ಹೊಸದಾಗಿ ಹಾಕಿದಳು. ವರ್ಷಕ್ಕೆ ಎರಡು ಬೆಳೆ. ಒಂದೊಂದಕ್ಕೂ ನಾಟಿ, ಕಳೆ, ಕೊಯ್ಲು. ಬೆಳೆಗೆ ಐವತ್ತು ದಿನದಂತೆ ಎರಡು ವರ್ಷದಲ್ಲಿ ಇನ್ನೂರು ದಿನ. ದಿನಕ್ಕೆ ಹದಿನೈದರಂತೆ ಮೂರು ಸಾವಿರ. ಅರವತ್ತು ಹೆಂಗಸರೊಂದಿಗೆ ಮೂರು ಸಲ ಕೂತು ಮಾತು, ಪ್ರತಿ ಸಲ ಎರಡು ತಾಸಿನ ಕೂಲಿ ಐದು ರೂಪಾಯಿ, ಒಂಬೈನೂರು. ಬಸ್ಸಿಗೆ ಮೊದಲಿನ ಆರುನೂರೇ. ಅಲ್ಲಿಗೆ ನಾಲ್ಕೂವರೆ ಸಾವಿರ.

"ಪಾಮನಕಲ್ಲೂರು?" ಎಂದರು ಬಂದೇಸಾಬರು, ಬೆರಳು ಎತ್ತಿ ಹಿಡಿದು. "ಹೆಬ್ಬೆಟ್ಟು ಸಿಕ್ತೇನು?"

"ಇಲ್ಲ. ದಿನ ಹಾಕ್ರಿ, ಅರವತ್ತು. ರೊಕ್ಕದ ಕಾಲಮ್ಮಿನಾಗ ಸೊನ್ನಿ ಹಾಕ್ರಿ. ಕೆಳಗ ಬರೀರಿ: ಅಭ್ಯರ್ಥಿಯ ತಾಯಿಯ ಮನೆ, ಊಟ ವಸತಿಯ ವೆಚ್ಚವನ್ನು ಅವರೇ ಭರಿಸುತ್ತಾರೆ, ಮಂಡಳಿಯಿಂದ ಕೇಳುವುದಿಲ್ಲ."

ಬಂದೇಸಾಬರು ಅದನ್ನು ಟೈಪ್ ಮಾಡಿ, ಕಾಗದ ಹೊರಗೆಳೆದು ಮತ್ತೆ ಓದಿದರು. "ಖಾಲಿ ಬಿಡೋದಕ್ಕೂ ಸೊನ್ನಿ ಹಾಕೋದಕ್ಕೂ ಭಾಳ ಫರಕ್ ಅದ," ಎಂದರು, ತಮಗೆ ತಾವೇ ಎಂಬಂತೆ.

ಆದರೆ ಸಮ್ಮೇಳನದ ಎರಡು ಸಾವಿರ ಸೇರಿದರೆ ಆರೂವರೆ ಸಾವಿರವಾಗುತ್ತಿತ್ತು. ಮಿತಿ ಐದೂವರೆ. ದಿನ ಕಡಿಮೆ ಮಾಡಬಹುದಿತ್ತು. ಹೆಂಗಸರ ಕೂಲಿ ತೆಗೆಯಬಹುದಿತ್ತು; ತೆಗೆದರೆ ಕೇಳುವವರಾರೂ ಇರಲಿಲ್ಲ. ಅವಳು ಮೊದಲನೇ ವರ್ಷದ ದಿಲ್ಲಿ ಸಮ್ಮೇಳನದ ಸಾವಿರ ರೂಪಾಯಿಯ ಸಾಲಿನ ಮೇಲೆ ಗೀಟು ಎಳೆದಳು.

ಆ ಗೀಟನ್ನು ಮಾಳಿಂಗಪ್ಪನವರು ನೋಡಿದ್ದು ಗಡುವಿಗೆ ಆರು ದಿನ ಇರುವಾಗ. ಅವರ ಸಹಿಯಿಲ್ಲದೆ ಲಿಂಗಸುಗೂರಿನ ಪ್ರಿನ್ಸಿಪಾಲರು ಕಳಿಸುವಂತಿರಲಿಲ್ಲ.

"ದಿಲ್ಲಿದೇ ತೆಗದೀ?" ಎಂದರು. "ಹುಚ್ಚಿ. ಪ್ರಬಂಧ ಎಷ್ಟು ಚಲೋ ಬರದ್ರೂ ನಾಕು ಮಂದಿ ನಿನ್ನ ಮಾರಿ ನೋಡದಿದ್ರ ನೌಕರಿ ಕೊಡಂಗಿಲ್ಲ. ಲಿಂಗಸುಗೂರಿನಾಗ ಕುಂತು ನಾ ಇಪ್ಪತ್ತು ವರ್ಷ ಆ ಪಾಠ ಕಲ್ತೀನಿ. ಹೆಂಗಸರ ಕೂಲಿ ತೆಗಿ, ನೂರು ರೂಪಾಯಿ ಬಸ್ ತೆಗಿ, ಸರಿಹೋಗತದ."

ಅದು ಸ್ವಾರ್ಥದ ಮಾತಾಗಿರಲಿಲ್ಲ, ಸರಿಯಾದ ಮಾತೇ ಆಗಿತ್ತು. ಆದ್ದರಿಂದಲೇ ಉತ್ತರ ಕೊಡುವುದು ಕಷ್ಟವಾಯಿತು. ಬೇರೆ ದಿನವಾಗಿದ್ದರೆ ಅವಳು ಸುಮ್ಮನಿರುತ್ತಿದ್ದಳು, ಆ ಸುಮ್ಮನಿರುವಿಕೆಯನ್ನೇ ಅವರು ಒಪ್ಪಿಗೆ ಎಂದು ತಿಳಿಯುತ್ತಿದ್ದರು.

"ಸರ್, ಮೊದಲನೇ ವರ್ಷ ಹೋಗಿ ನಾ ಏನು ಹೇಳ್ಲಿ? ಮೂರನೇ ವರ್ಷದ್ದು ಇಟ್ಟೀನಿ. ಆಗ ಹೇಳಾಕ ಏನರ ಇರತದ. ಆದ್ರ ಈ ಹೆಂಗಸರ ಕೂಲಿ ತೆಗದ್ರ ಆಗೂ ಏನೂ ಇರಂಗಿಲ್ಲ. ಹೋಗಿ ನೋಡಿ ಬಂದೀನಿ. ನನಗ ಇದು ಬೇಕು."

'ಬೇಕು' ಎಂಬ ಶಬ್ದ ಆ ಕೋಣೆಯಲ್ಲಿ ಅವಳ ಬಾಯಿಂದ ಮೊದಲ ಸಲ ಬಂದಿತ್ತು. ಮಾಳಿಂಗಪ್ಪ ಕೂಲಿಯ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದರು. ಹೊರಗೆ ಯಾವುದೋ ತರಗತಿಯ ಗಂಟೆ ಹೊಡೆಯಿತು. ಆಮೇಲೆ ಅವರು ಪೆನ್ನಿನ ಮುಚ್ಚಳ ತೆಗೆದರು.

"ನಾನೂ ಮೊದಲನೇ ವರ್ಷ ಹೋಗಿದ್ದೆ," ಎಂದರು ಸಹಿ ಮಾಡುತ್ತ. "ನಾಕು ದಿನ ಚಹಾ ಕುಡದು, ತಾಜಮಹಲ್ ನೋಡಿ ಬಂದೆ. ಅದನ್ನ ನಮ್ಮ ಪ್ರಿನ್ಸಿಪಾಲರಿಗೆ ಹೇಳಬ್ಯಾಡ."

*

ಮಂಜೂರಾತಿ ಬಂದದ್ದು ಮೇ ತಿಂಗಳ ಕೊನೆಗೆ. ಫೆಲೋಶಿಪ್ ಮೂರು ವರ್ಷಕ್ಕೆ, ಕಂಟಿಂಜೆನ್ಸಿ ನಿಯಮದಂತೆ, ಒಂದು ಸಮ್ಮೇಳನ, ಇನ್ನೂರು ದಿನದ ವಾಸ, ಬಸ್ಸು, ಕೇಳಿದಷ್ಟೂ. ಹೆಂಗಸರ ಕೂಲಿಯಲ್ಲಿ ಮಾತ್ರ ಮುನ್ನೂರು ಕಡಿತ: ಅರವತ್ತರ ಬದಲು ನಲವತ್ತು ಮಂದಿ ಸಾಕು ಎಂದಿದ್ದರು. ಬೇರೆ ಕಡೆ ಸಂಬಳ ಪಡೆಯುವಂತಿಲ್ಲ ಎಂಬ ಷರತ್ತಿನಂತೆ ಅವಳು ಕಾಲೇಜಿನ ತಾಸುಗಳನ್ನು ಬಿಟ್ಟಳು. ಮೊದಲ ಕಂತು ಬರುವುದು ತಡವಾದೀತೆಂದು ಬಂದೇಸಾಬರು ಎಚ್ಚರಿಸಿದರು. ಬಸ್ಸಿನ ಟಿಕೇಟು ಒಂದನ್ನೂ ಕಳೆಯಬೇಡಿ, ಟಿಕೇಟಿಲ್ಲದ ಪ್ರಯಾಣ ಆಡಿಟ್‌ನವರಿಗೆ ಕನಸಿದ್ದಂಗ, ಎಂದರು.

ಜುಲೈ ಮೂರನೇ ವಾರ ಕಾಲುವೆಗೆ ನೀರು ಬಿಟ್ಟ ಸುದ್ದಿ ಬಂತು. ಅವಳು ಸಂತೆಕಲ್ಲೂರಿನಲ್ಲೇ ತಿಮ್ಮವ್ವನ ಗುಂಪನ್ನು ಕೂಡಿಕೊಂಡಳು. ಬಸ್ಸು ಗಂಟುಮೂಟೆ, ಬೋಗುಣಿ, ಕೂಸುಗಳಿಂದ ತುಂಬಿತ್ತು. ಅವಳು ಟಿಕೇಟನ್ನು ಮಡಚಿ ಚೀಲದೊಳಗಿನ ಡಬ್ಬಿಗೆ ಹಾಕುವುದನ್ನು ಪಕ್ಕದ ಹೆಂಗಸು ನೋಡಿದಳು. ಹೊಸಬಳು, ಹೆಸರು ಗ್ಯಾನಮ್ಮ, ಮಾತಾಡಿಸಿದರೂ ತಲೆ ಎತ್ತದವಳು ಎಂದು ತಿಮ್ಮವ್ವ ಮೊದಲೇ ಹೇಳಿದ್ದಳು.

"ಅದನ್ನ್ಯಾಕ ಜ್ವಾಕಿ ಮಾಡತೀ ಯಕ್ಕ?"

"ಇದನ್ನ ತೋರಿಸಿದ್ರ ದಿಲ್ಲಿಯವರು ರೊಕ್ಕ ಕೊಡತಾರ."

ಗ್ಯಾನಮ್ಮ ಬಗ್ಗಿ, ಸೀಟಿನ ಕೆಳಗೆ ಯಾರ್ಯಾರೋ ಎಸೆದ ಟಿಕೇಟುಗಳನ್ನು ಆರಿಸಿ, ಒಂದು ಹಿಡಿ ಮಾಡಿ ಅವಳ ಮಡಿಲಿಗೆ ಹಾಕಿದಳು.

"ತೊಗೋ. ಇವನ್ನೂ ತೋರಸು."

ಆದೆಮ್ಮಳಿಗೆ ನಗು ತಡೆಯಲಾಗಲಿಲ್ಲ. "ಹಂಗ ಬರಂಗಿಲ್ಲ ತಂಗಿ. ನಾ ಹೋದದ್ದಷ್ಟೇ ತೋರಿಸಬೇಕು."

"ಹೌದೇನು? ನೀ ಒಬ್ಬಾಕಿ ಹೋದದ್ದಷ್ಟೇ?" ಗ್ಯಾನಮ್ಮಳಿಗೆ ಅದು ಬಹಳ ವಿಚಿತ್ರವಾಗಿ ಕಂಡಿತು. ಟಿಕೇಟುಗಳನ್ನು ಕಿಟಕಿಯಿಂದ ಹೊರಗೆ ಬಿಟ್ಟಳು. ಮಸ್ಕಿ ದಾಟಿತು. ಒಣ ಹೊಲಗಳು ಹಿಂದೆ ಸರಿಯತೊಡಗಿದವು. ಆದೆಮ್ಮ ಡಬ್ಬಿಯ ಮುಚ್ಚಳ ಮುಚ್ಚಿದಳು.

"ನಾ ಮೊದಲನೇ ಸಲ ಬರಾಕತ್ತೀನಿ," ಎಂದಳು ಗ್ಯಾನಮ್ಮ, ಹೊರಗೆ ನೋಡುತ್ತಲೇ. "ಮನ್ಯಾಗ ಬ್ಯಾಡ ಅಂದ್ರು. ಆದ್ರೂ ಯಾಕ ಬಂದೆ ಅಂದ್ರ…" ಆದೆಮ್ಮ ಪುಸ್ತಕವನ್ನು ಚೀಲದಲ್ಲೇ ಬಿಟ್ಟು ಅವಳ ಕಡೆ ತಿರುಗಿದಳು.